ಆಯೋಗದ ವರದಿ ತೀರ್ಪಲ್ಲ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಮರುದಿನವೇ ರಾಜ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಏಕಸದಸ್ಯ ಆಯೋಗವನ್ನು ಘೋಷಿಸಿತು. ಜುಲೈನಲ್ಲಿ ವರದಿಯೂ ಬಂತು. ಇಂಥ ವರದಿ ಸರ್ಕಾರದ ಕೈಸೇರಿದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ತಪ್ಪು ಯಾರದೆಂದು ಆಯೋಗ ಹೇಳಿಯಾಯಿತಲ್ಲ, ಇನ್ನೂ ಯಾಕೆ ಯಾರಿಗೂ ಶಿಕ್ಷೆ ಆಗಿಲ್ಲ?

ಆಯೋಗವೂ ಒಂದು ಬಗೆಯ ಕೋರ್ಟು, ಅದರ ವರದಿ ಒಂದು ಬಗೆಯ ತೀರ್ಪು ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಹಾಗೆ ನಂಬಲು ಕಾರಣಗಳೂ ಇವೆ. ಪೀಠದಲ್ಲಿ ನ್ಯಾಯಮೂರ್ತಿ ಕೂತಿರುತ್ತಾರೆ, ವಕೀಲರು ವಾದಿಸುತ್ತಾರೆ, ಸಾಕ್ಷಿಗಳು ಪ್ರಮಾಣ ಮಾಡಿ ಹೇಳಿಕೆ ಕೊಡುತ್ತಾರೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ 4ನೇ ಕಲಮು ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರಗಳನ್ನು ಕೊಟ್ಟಿದೆ ಎಂಬುದೂ ನಿಜ. ಸಮನ್ಸ್ ಕಳಿಸಿ ಜನರನ್ನು ಕರೆಸಬಹುದು, ಪ್ರಮಾಣಪತ್ರ ಪಡೆಯಬಹುದು, ಯಾವುದೇ ಕಚೇರಿಯಿಂದ ಕಡತ ತರಿಸಬಹುದು. ಆದರೆ ಇವೆಲ್ಲ ಸತ್ಯವನ್ನು ಹೊರತೆಗೆಯಲು ಬೇಕಾದ ಅಧಿಕಾರಗಳು. ತೀರ್ಪು ಕೊಡುವ ಅಧಿಕಾರ ಆ ಪಟ್ಟಿಯಲ್ಲಿ ಇಲ್ಲ. ಆಯೋಗದ ಮುಂದೆ ವಾದಿ ಪ್ರತಿವಾದಿಗಳಿಲ್ಲ, ಆರೋಪಿ ಎಂಬವನಿಲ್ಲ. ಅಧ್ಯಕ್ಷರು ನ್ಯಾಯಾಧೀಶರೇ ಆಗಿರಬೇಕೆಂದು ಸಹ ಕಾಯ್ದೆ ಹೇಳುವುದಿಲ್ಲ. ಅದು ಬೆಳೆದುಬಂದ ರೂಢಿ.

ಕಾಯ್ದೆ ಬಂದ ಆರೇ ವರ್ಷಕ್ಕೆ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿತು. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ತಮ್ಮ ಕಂಪನಿಗಳ ಮೇಲೆ ಕೇಂದ್ರ ಸರ್ಕಾರ ನೇಮಿಸಿದ್ದ ಆಯೋಗವನ್ನು ಪ್ರಶ್ನಿಸಿದ್ದರು. ಆಯೋಗ ಸತ್ಯಾಂಶ ಹುಡುಕಿ ಶಿಫಾರಸು ಮಾಡಬಹುದೇ ಹೊರತು, ಆ ಶಿಫಾರಸಿಗೆ ತನ್ನಷ್ಟಕ್ಕೆ ತಾನೇ ಜಾರಿಗೆ ಬರುವ ಬಲವಿಲ್ಲ ಎಂದು 1958ರ ತೀರ್ಪು ಹೇಳಿತು. ಆಗಿಹೋದ ತಪ್ಪಿಗೆ ಶಿಕ್ಷೆಯ ರೂಪದಲ್ಲಿ ಏನು ಕ್ರಮ ಕೈಗೊಳ್ಳಬೇಕೆಂದು ಸೂಚಿಸುವಂತೆ ಅಧಿಸೂಚನೆಯಲ್ಲಿದ್ದ ಮಾತುಗಳನ್ನೂ ಕೋರ್ಟು ತೆಗೆದುಹಾಕಿತು.

ಎರಡನೆಯ ತಪ್ಪು ಕಲ್ಪನೆ ಇದಕ್ಕಿಂತ ಸೂಕ್ಷ್ಮವಾದದ್ದು. ಆಯೋಗ ಶಿಕ್ಷೆ ಕೊಡದಿದ್ದರೆ ಬೇಡ, ಅದರ ಮುಂದೆ ಪ್ರಮಾಣ ಮಾಡಿ ಹೇಳಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಬಹುದಲ್ಲ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಬಳಸುವಂತಿಲ್ಲ. ಆಯೋಗ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅಥವಾ ವಿಚಾರಣೆಯ ವಿಷಯಕ್ಕೆ ಸಂಬಂಧಪಟ್ಟು ಒಬ್ಬ ವ್ಯಕ್ತಿ ಕೊಟ್ಟ ಹೇಳಿಕೆಯನ್ನು ಯಾವ ಸಿವಿಲ್ ಅಥವಾ ಕ್ರಿಮಿನಲ್ ಪ್ರಕರಣದಲ್ಲೂ ಅವನ ವಿರುದ್ಧ ಬಳಸಬಾರದು ಎಂದು 6ನೇ ಕಲಮು ಹೇಳುತ್ತದೆ. ಇದಕ್ಕಿರುವ ವಿನಾಯಿತಿ ಒಂದೇ: ಆಯೋಗದ ಮುಂದೆ ಸುಳ್ಳು ಸಾಕ್ಷ್ಯ ಹೇಳಿದ್ದಕ್ಕಾಗಿಯೇ ಹೂಡುವ ಮೊಕದ್ದಮೆ. ಅಧಿಕಾರಿಯಾಗಲಿ, ಕಾನ್‌ಸ್ಟೆಬಲ್ ಆಗಲಿ, ಸಾಮಾನ್ಯ ಪ್ರಜೆಯಾಗಲಿ ಭಯವಿಲ್ಲದೆ ನಡೆದದ್ದನ್ನು ನಡೆದಂತೆ ಹೇಳಲಿ ಎಂಬುದು ಈ ರಕ್ಷಣೆಯ ಉದ್ದೇಶ.

ಈ ಗೋಡೆ ಎಷ್ಟು ಗಟ್ಟಿ ಎಂಬುದು ಇಂದಿರಾ ಗಾಂಧಿ ಹತ್ಯೆಯ ಪ್ರಕರಣದಲ್ಲಿ ಕಂಡಿತು. ಹತ್ಯೆಯ ಹಿನ್ನೆಲೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಆಯೋಗವಿತ್ತು. ಅತ್ತ ಕ್ರಿಮಿನಲ್ ವಿಚಾರಣೆಯೂ ನಡೆದಿತ್ತು. ಅಭಿಯೋಜನೆಯ ಸಾಕ್ಷಿಗಳು ಆಯೋಗದ ಮುಂದೆ ಹೇಳಿದ್ದನ್ನು ತಮಗೆ ಕೊಡಿ, ಅವರ ಈಗಿನ ಮಾತಿಗೂ ಅಂದಿನ ಮಾತಿಗೂ ವ್ಯತ್ಯಾಸವಿದ್ದರೆ ಪಾಟೀಸವಾಲಿನಲ್ಲಿ ತೋರಿಸುತ್ತೇವೆ ಎಂದು ಆರೋಪಿಗಳ ಪರ ವಕೀಲರು ಕೇಳಿದರು. ಆರೋಪಿಗಳ ತಲೆಯ ಮೇಲೆ ಗಲ್ಲುಶಿಕ್ಷೆ ತೂಗುತ್ತಿದ್ದ ಪ್ರಕರಣವದು. ಆದರೂ 1988ರಲ್ಲಿ ಕೇಹರ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಲಿಲ್ಲ. ಸಾಕ್ಷಿಯ ಮಾತನ್ನು ಅಲ್ಲಗಳೆಯುವುದಕ್ಕೂ ಆ ಹೇಳಿಕೆ ಬಳಕೆಗೆ ಬಾರದು ಎಂದಿತು.

ಹಾಗಾದರೆ ಆಯೋಗ ಬೊಟ್ಟು ಮಾಡಿದವರ ಮೇಲೆ ಪ್ರಕರಣ ದಾಖಲಿಸುವುದು ಹೇಗೆ? ಇದಕ್ಕೆ ಉತ್ತರ ನೆರೆಯ ಕಣ್ಣೂರು ಜಿಲ್ಲೆಯ ಕೂತ್ತುಪರಂಬದಲ್ಲಿದೆ. ಆ ಪ್ರಕರಣವನ್ನು ಮೊದಲಿನಿಂದ ನೋಡಬೇಕು.

1994ರ ನವೆಂಬರ್ 25ರಂದು ಕೇರಳದ ಸಚಿವ ಎಂ.ವಿ. ರಾಘವನ್ ಅಲ್ಲಿ ಸಹಕಾರಿ ಬ್ಯಾಂಕೊಂದರ ಶಾಖೆ ಉದ್ಘಾಟಿಸಲು ಬಂದಿದ್ದರು. ಡಿವೈಎಫ್ಐ ಕಾರ್ಯಕರ್ತರು ದೊಡ್ಡ ಸಂಖ್ಯೆಯಲ್ಲಿ ಪ್ರತಿಭಟನೆಗೆ ಸೇರಿದ್ದರು. ಪೊಲೀಸರು ಗುಂಡು ಹಾರಿಸಿದರು, ಐವರು ಸತ್ತರು. ಅಂದೇ ಪೊಲೀಸರು ಎರಡು ಪ್ರಕರಣ ದಾಖಲಿಸಿಕೊಂಡರು. ಸರ್ಕಾರ ಜಿಲ್ಲಾ ನ್ಯಾಯಾಧೀಶ ಕೆ. ಪದ್ಮನಾಭನ್ ನಾಯರ್ ಅವರ ಆಯೋಗವನ್ನು ನೇಮಿಸಿತು. 1997ರ ಮೇ ತಿಂಗಳಲ್ಲಿ ವರದಿ ಬರುವಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಗೋಲಿಬಾರಿಗೆ ಸಚಿವರು, ಸ್ಥಳದಲ್ಲಿದ್ದ ಡೆಪ್ಯುಟಿ ಕಲೆಕ್ಟರ್ ಮತ್ತು ಪೊಲೀಸ್ ಅಧಿಕಾರಿ ಹೊಣೆ ಎಂದು ಆಯೋಗ ಹೇಳಿತು. ಹೊಸ ಸರ್ಕಾರ ವರದಿಯನ್ನು ಒಪ್ಪಿ, ಅದನ್ನೇ ಆಧಾರವಾಗಿಟ್ಟುಕೊಂಡು ಜುಲೈನಲ್ಲಿ ಹೊಸದೊಂದು ಎಫ್ಐಆರ್ ಮಾಡಿಸಿತು. ಈ ಬಾರಿ ಆರೋಪ ಕೊಲೆ.

2001ರಲ್ಲಿ ಸುಪ್ರೀಂ ಕೋರ್ಟ್ ಆ ಎಫ್ಐಆರನ್ನು ರದ್ದುಪಡಿಸಿತು. ಒಂದೇ ಘಟನೆಗೆ ಒಮ್ಮೆ ಪ್ರಕರಣ ದಾಖಲಾಗಿ ತನಿಖೆ ಶುರುವಾದ ಮೇಲೆ ಅದೇ ಘಟನೆಗೆ ಎರಡನೆಯ ಎಫ್ಐಆರ್ ನಿಲ್ಲದು ಎಂಬುದು ಮುಖ್ಯ ಕಾರಣ. ಜೊತೆಗೆ ಕೋರ್ಟು ವರದಿಯ ಸ್ಥಾನವನ್ನೂ ವಿವರಿಸಿತು. ಆಯೋಗದ ನಿರ್ಣಯಗಳು ಸರ್ಕಾರವನ್ನಾಗಲಿ ಕೋರ್ಟನ್ನಾಗಲಿ ಕಟ್ಟಿಹಾಕುವುದಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಆ ವರದಿ ಸಾಕ್ಷ್ಯವೂ ಅಲ್ಲ. ಪೊಲೀಸರು ಅದರಿಂದ ಸುಳಿವು ಪಡೆಯಬಹುದು, ಆದರೆ ಅಪರಾಧ ನಡೆದಿದೆಯೇ, ಯಾರಿಂದ ಎಂಬುದನ್ನು ತಾವೇ ಸ್ವತಂತ್ರವಾಗಿ ಸಾಕ್ಷ್ಯ ಕೂಡಿಹಾಕಿ ನಿರ್ಧರಿಸಬೇಕು. ದಾರಿ ಮುಚ್ಚಿತೆಂದೇನೂ ಅಲ್ಲ: 1994ರ ಮೂಲ ಪ್ರಕರಣಗಳಲ್ಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮುಂದುವರಿದ ತನಿಖೆ ನಡೆಸಲು ಕೋರ್ಟು ಅವಕಾಶ ಉಳಿಸಿತು. ಅಂದರೆ ಏಳು ವರ್ಷ ಕಳೆದ ಮೇಲೆ ಕ್ರಿಮಿನಲ್ ತನಿಖೆ ಮತ್ತೆ ಹಳೆಯ ಕಡತಕ್ಕೇ ಮರಳಬೇಕಾಯಿತು. ಆಯೋಗ ನಡೆಯುತ್ತಿದೆ ಎಂದು ಪೊಲೀಸ್ ತನಿಖೆಯನ್ನು ನಿಧಾನ ಮಾಡಿದರೆ ಆಗುವ ನಷ್ಟ ಇದೇ. ಸತ್ತವರ ಮನೆಯವರು ಆಯೋಗದ ವಾಯಿದೆಗಳನ್ನು ಎಣಿಸುತ್ತಿರುವಾಗ ಎಫ್ಐಆರ್ ಯಾವ ಹಂತದಲ್ಲಿದೆ ಎಂದು ಕೇಳುವವರೇ ಇರುವುದಿಲ್ಲ.

ಸುಮ್ಮನೆ ವರದಿ ತಾನೇ, ಆದ್ದರಿಂದ ಆಯೋಗ ಯಾರನ್ನು ಬೇಕಾದರೂ ದೂರಬಹುದು ಎಂಬ ಮಾತೂ ಸರಿಯಲ್ಲ. ವರದಿಗೆ ಶಿಕ್ಷೆಯ ಬಲವಿಲ್ಲದಿದ್ದರೂ ಮಾನ ಕಳೆಯುವ ಬಲ ಖಂಡಿತ ಇದೆ. ಅದಕ್ಕಾಗಿಯೇ ಯಾರ ಹೆಸರಿಗೆ ಧಕ್ಕೆ ಬರಬಹುದೋ ಅವರಿಗೆ ತಮ್ಮ ಮಾತು ಹೇಳಲು, ಸಾಕ್ಷ್ಯ ಒದಗಿಸಲು ಅವಕಾಶ ಕೊಡಲೇಬೇಕೆಂದು 8ಬಿ ಕಲಮು ಹೇಳುತ್ತದೆ. ಪಾಟೀಸವಾಲು ಮಾಡುವ, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು 8ಸಿ ಕಲಮಿನಲ್ಲಿದೆ. 1988ರ ದೆಹಲಿ ವಕೀಲರ ಮುಷ್ಕರದ ವಿಚಾರಣೆಯಲ್ಲಿ ಪೊಲೀಸ್ ಅಧಿಕಾರಿ ಕಿರಣ್ ಬೇಡಿ ಅವರನ್ನು ಮೊದಲಿಗೇ ಪಾಟೀಸವಾಲಿಗೆ ನಿಲ್ಲಿಸಲು ಹೊರಟಾಗ ಅವರು ಪ್ರಮಾಣ ಸ್ವೀಕರಿಸಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲಿ ಅವರ ಪರ ನಿಂತಿತು: ಆಪಾದನೆ ಯಾರ ಮೇಲಿದೆಯೋ ಅವರು ಮೊದಲು ಉಳಿದವರ ಸಾಕ್ಷ್ಯ ಕೇಳಬೇಕು, ಆಮೇಲೆ ಉತ್ತರಿಸಬೇಕು. ಈ ಕ್ರಮ ತಪ್ಪಿದ ವರದಿ ಹೈಕೋರ್ಟಿನ ಮೆಟ್ಟಿಲೇರಿದಾಗ, ಆ ವ್ಯಕ್ತಿಯ ಬಗ್ಗೆ ಬರೆದ ಭಾಗ ಉಳಿಯುವುದು ಕಷ್ಟ.

ಆಯೋಗ ಏನನ್ನು ನೋಡಬೇಕು ಎಂಬುದನ್ನು ತೀರ್ಮಾನಿಸುವುದು ಆಯೋಗವಲ್ಲ, ಅದನ್ನು ನೇಮಿಸಿದ ಸರ್ಕಾರ. ಅಧಿಸೂಚನೆಯಲ್ಲಿ ಬರೆದ ವಿಚಾರಣಾ ಅಂಶಗಳ ಗೆರೆಯನ್ನು ಅದು ದಾಟುವಂತಿಲ್ಲ. ಇದರ ಮಹತ್ವವನ್ನು ಕರ್ನಾಟಕವೇ ದೇಶಕ್ಕೆ ತೋರಿಸಿಕೊಟ್ಟಿತು. 1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂದಾಗ ಮುಖ್ಯಮಂತ್ರಿ ದೇವರಾಜ ಅರಸು ಅವರ ಮೇಲೆ ಆರೋಪಗಳು ಎದ್ದಿದ್ದವು. ಮೇ 18ರಂದು ರಾಜ್ಯ ಸರ್ಕಾರ ತಾನೇ ಒಂದು ಆಯೋಗ ರಚಿಸಿತು. ಐದೇ ದಿನಕ್ಕೆ, ಮೇ 23ರಂದು, ಕೇಂದ್ರ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ಒಂದು ವಿಷಯಕ್ಕೆ ರಾಜ್ಯದ ಆಯೋಗವಿದ್ದಾಗ ಅದೇ ವಿಷಯಕ್ಕೆ ಕೇಂದ್ರ ಇನ್ನೊಂದನ್ನು ಸಾಮಾನ್ಯವಾಗಿ ನೇಮಿಸುವಂತಿಲ್ಲ. ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ನೇರವಾಗಿ ದಾವೆ ಹೂಡಿತು.

ಏಳು ನ್ಯಾಯಮೂರ್ತಿಗಳ ಪೀಠ ಎರಡೂ ಅಧಿಸೂಚನೆಗಳನ್ನು ಪಕ್ಕಪಕ್ಕ ಇಟ್ಟು ಓದಿತು. ರಾಜ್ಯದ ಆಯೋಗ ಅಕ್ರಮಗಳು ನಡೆದಿವೆಯೇ ಎಂದು ನೋಡುವುದಾಗಿತ್ತು. ಮುಖ್ಯಮಂತ್ರಿಯ ಪಾತ್ರ ಅದರ ಗೆರೆಯೊಳಗೆ ಬಂದಿರಲಿಲ್ಲ. ಕೇಂದ್ರದ ಆಯೋಗ ಹುಡುಕಬೇಕಾಗಿದ್ದದ್ದು ಅದನ್ನೇ. ಆದ್ದರಿಂದ ಎರಡೂ ಒಂದೇ ವಿಷಯವಲ್ಲ ಎಂದು ಬಹುಮತದ ತೀರ್ಪು ಹೇಳಿ, ಆ ನವೆಂಬರಿನಲ್ಲಿ ದಾವೆಯನ್ನು ವಜಾ ಮಾಡಿತು. ಗ್ರೋವರ್ ಆಯೋಗ ಮುಂದುವರಿಯಿತು. ಅರಸು 1978ರ ಚುನಾವಣೆಯನ್ನೂ ಗೆದ್ದು 1980ರವರೆಗೆ ಮುಖ್ಯಮಂತ್ರಿಯಾಗಿದ್ದರು. ಹೊಸ ಆಯೋಗ ಪ್ರಕಟವಾದಾಗ ಅಧ್ಯಕ್ಷರ ಹೆಸರಿಗಿಂತ ಮೊದಲು ವಿಚಾರಣಾ ಅಂಶಗಳನ್ನು ಓದುವುದು ಮೇಲು. ಯಾವ ಪ್ರಶ್ನೆಯನ್ನು ಬಿಟ್ಟಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನೇಮಿಸಿದ ಸರ್ಕಾರಕ್ಕೆ ಆಯೋಗವನ್ನು ಮುಗಿಸುವ ಅಧಿಕಾರವೂ ಇದೆ, ವರದಿಯನ್ನು ತಿರಸ್ಕರಿಸುವ ಅಧಿಕಾರವೂ ಇದೆ. ಮುಂಬೈ ಗಲಭೆಗಳ ಬಗೆಗಿನ ಶ್ರೀಕೃಷ್ಣ ಆಯೋಗ ಎರಡನ್ನೂ ಕಂಡಿತು. 1996ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಬರ್ಖಾಸ್ತು ಮಾಡಿ, ಕೆಲವೇ ತಿಂಗಳಲ್ಲಿ ಮತ್ತೆ ಜೀವ ಕೊಟ್ಟಿತು. 1998ರ ಫೆಬ್ರವರಿಯಲ್ಲಿ ವರದಿ ಬಂತು. ಆಗಸ್ಟ್‌ನಲ್ಲಿ ಅದನ್ನು ಸದನದಲ್ಲಿ ಇಟ್ಟ ಸರ್ಕಾರವೇ ಅದರ ಮುಖ್ಯ ನಿರ್ಣಯಗಳನ್ನು ಒಪ್ಪಲಿಲ್ಲ.

ಆದರೆ ವರದಿಯನ್ನು ಬೀರುವಿನಲ್ಲಿಟ್ಟು ಸುಮ್ಮನಿರುವ ಸ್ವಾತಂತ್ರ್ಯ ಸರ್ಕಾರಕ್ಕಿದೆ ಎಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ವರದಿ ಕೈಸೇರಿದ ಆರು ತಿಂಗಳೊಳಗೆ, ತಾನು ಏನು ಕ್ರಮ ಕೈಗೊಂಡಿದ್ದೇನೆ ಎಂಬ ಟಿಪ್ಪಣಿಯೊಂದಿಗೆ ಅದನ್ನು ಸದನದ ಮುಂದಿಡಬೇಕು ಎಂದು 3ನೇ ಕಲಮಿನ 4ನೇ ಉಪಕಲಮು ವಿಧಿಸುತ್ತದೆ. ಗಡುವು ಮೀರಿದರೆ ಇಂಥ ದಂಡ ಎಂದು ಕಾಯ್ದೆಯಲ್ಲಿ ಇಲ್ಲ. ಹೀಗಾಗಿ ಸದನದಲ್ಲಿ ಶಾಸಕರು ಕೇಳದೆ, ಹೊರಗೆ ಜನ ಒತ್ತಾಯಿಸದೆ ಎಷ್ಟೋ ವರದಿಗಳು ಹೊರಬರುವುದೇ ಇಲ್ಲ. ಈ ಕಡ್ಡಾಯದಿಂದ ತಪ್ಪಿಸಿಕೊಳ್ಳಲು ಒಮ್ಮೆ ಕಾಯ್ದೆಯನ್ನೇ ತಿದ್ದಲಾಗಿತ್ತು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ದೇಶದ ಭದ್ರತೆಯಂಥ ಕಾರಣಗಳಿಗೆ ವರದಿಯನ್ನು ಸದನದಲ್ಲಿ ಇಡದಿರಲು ಅವಕಾಶ ಸೇರಿಸಿಕೊಂಡು, ಠಕ್ಕರ್ ಆಯೋಗದ ವರದಿಯನ್ನು ತಡೆಹಿಡಿಯಿತು. 1989ರಲ್ಲಿ ಅದರ ಭಾಗಗಳು ಪತ್ರಿಕೆಯಲ್ಲಿ ಹೊರಬಿದ್ದು ಗದ್ದಲವಾದ ಮೇಲೆ ವರದಿ ಸಂಸತ್ತಿಗೆ ಬಂತು. ಮರುವರ್ಷ, 1990ರಲ್ಲಿ, ಆ ತಿದ್ದುಪಡಿಯನ್ನೇ ಸಂಸತ್ತು ಕಿತ್ತುಹಾಕಿತು.