ಸ್ಟೀರಾಯ್ಡ್ ಮಾತ್ರೆ ದಿಢೀರನೆ ನಿಂತಾಗ

ಐವತ್ತೈದು ವರ್ಷದ ಹೆಂಗಸೊಬ್ಬರನ್ನು ತಾಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ದಿನದಿಂದ ವಾಂತಿ, ಹೊಟ್ಟೆನೋವು. ಎದ್ದು ನಿಂತರೆ ಕಣ್ಣು ಕತ್ತಲೆ. ಬಿಪಿ 80/50, ರಕ್ತದ ಸಕ್ಕರೆ 58. ಯಾವುದೋ ಹೊಟ್ಟೆಯ ಸೋಂಕು ಎಂದುಕೊಂಡು ಡ್ರಿಪ್ ಹಾಕಿದರೂ ಬಿಪಿ ಏರುತ್ತಿಲ್ಲ. ಆಗ ಸಿಸ್ಟರ್ ಕಣ್ಣಿಗೆ ಬೀಳುವುದು ಬೇರೆಯೇ ಸಂಗತಿ: ಇಷ್ಟು ನಿತ್ರಾಣವಾದವರ ಮುಖ ಮಾತ್ರ ದುಂಡಗೆ ತುಂಬಿಕೊಂಡಿದೆ, ಹೊಟ್ಟೆ ದಪ್ಪಗಿದೆ, ಕೈಕಾಲು ಸೊರಗಿವೆ, ತೋಳಿನ ತುಂಬ ಕಂದಿದ ಕಲೆಗಳು. ‘ಮಂಡಿನೋವಿಗೆ ಏನಾದರೂ ಔಷಧಿ ತಗೊಳ್ತಿದ್ರಾ ಅಮ್ಮಾ?’ ಎಂದು ಕೇಳಿದರೆ ಮಗಳು ಹೇಳುತ್ತಾಳೆ: ‘ಎರಡು ವರ್ಷದಿಂದ ಒಬ್ಬರು ಪುಡಿ ಕೊಡ್ತಿದ್ರು. ಅವರು ಬರೋದು ನಿಂತು ಹತ್ತು ದಿನ ಆಯ್ತು.’

ಇಂಥ ಪುಡಿಗಳಲ್ಲಿ ಹಲವು ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂದ ಎರಡೇ ದಿನಕ್ಕೆ ನೋವು ಮಾಯವಾಗುವುದು ಅದರಿಂದಲೇ. ಹಾಗಾಗಿ ಈ ಒಬ್ಬರ ಮೈಯಲ್ಲಿ ಎರಡು ವಿರುದ್ಧ ಕಾಯಿಲೆಗಳು ಒಟ್ಟಿಗೆ ಕಾಣುತ್ತಿವೆ. ಹೊರಗಿನ ರೂಪ ಅಡ್ರಿನಲ್ ಹಾರ್ಮೋನು ಅತಿಯಾದವರದು, ಒಳಗಿನ ಸ್ಥಿತಿ ಅದು ಇಲ್ಲದವರದು.

ಅಡ್ರಿನಲ್ ಗ್ರಂಥಿಗಳು ಎರಡು. ಒಂದೊಂದು ಕಿಡ್ನಿಯ ನೆತ್ತಿಯ ಮೇಲೂ ಒಂದೊಂದಿದ್ದು, ಪ್ರತಿಯೊಂದೂ ನಾಲ್ಕೈದು ಗ್ರಾಂ ತೂಗುತ್ತದೆ. ಅದರ ಹೊರಪದರ ತಯಾರಿಸುವ ಕಾರ್ಟಿಸಾಲ್ ಬಿಪಿಯನ್ನೂ ಸಕ್ಕರೆಯನ್ನೂ ಹಿಡಿದು ನಿಲ್ಲಿಸುತ್ತದೆ. ಜ್ವರ, ಗಾಯ, ಶಸ್ತ್ರಚಿಕಿತ್ಸೆ ಬಂದಾಗ ಇದರ ಉತ್ಪಾದನೆ ಹಲವು ಪಟ್ಟು ಏರಬೇಕು. ಅದೇ ಪದರದ ಇನ್ನೊಂದು ಹಾರ್ಮೋನು, ಅಲ್ಡೋಸ್ಟಿರೋನ್, ದೇಹದಲ್ಲಿ ಉಪ್ಪನ್ನು ಉಳಿಸುತ್ತದೆ. ಕಾರ್ಟಿಸಾಲ್ ಎಷ್ಟು ಬೇಕೆಂದು ನಿರ್ಧರಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಎಸಿಟಿಎಚ್ ಎಂಬ ಸಂದೇಶ ಕಳಿಸಿದರೆ ಅಡ್ರಿನಲ್ ಕೆಲಸ ಮಾಡುತ್ತದೆ. ಹೊರಗಿನಿಂದ ದಿನವೂ ಸ್ಟೀರಾಯ್ಡ್ ಬರತೊಡಗಿದರೆ, ರಕ್ತದಲ್ಲಿ ಸಾಕಷ್ಟಿದೆಯೆಂದು ಪಿಟ್ಯುಟರಿ ಸಂದೇಶ ನಿಲ್ಲಿಸುತ್ತದೆ, ಅಡ್ರಿನಲ್‌ನ ಹೊರಪದರ ಸೊರಗುತ್ತದೆ. ದಿನಕ್ಕೆ 5 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೋಲೋನ್ ಮೂರು ನಾಲ್ಕು ವಾರ ನಡೆದರೆ ಸಾಕು, ಈ ಸಾಧ್ಯತೆ ಹುಟ್ಟುತ್ತದೆ. ಆಮೇಲೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ.

ಕಾರ್ಟಿಸಾಲ್ ಅತಿಯಾದ ಸ್ಥಿತಿಗೆ ಕುಶಿಂಗ್ ಸಿಂಡ್ರೋಮ್ ಎನ್ನುತ್ತಾರೆ, ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಹೆಸರಿನಲ್ಲಿ. ಪಿಟ್ಯುಟರಿಯಲ್ಲೋ ಅಡ್ರಿನಲ್‌ನಲ್ಲೋ ಗೆಡ್ಡೆ ಬೆಳೆದರೂ ಇದು ಬರುತ್ತದೆ. ಆದರೆ ಹೆಚ್ಚಾಗಿ ಕಾರಣ ಔಷಧಿಯೇ. ಬರೀ ಬೊಜ್ಜಿನಿಂದ ಇದನ್ನು ಬೇರ್ಪಡಿಸುವುದು ಹೇಗೆ? ಹೊಟ್ಟೆಯ ಮೇಲೆ ಒಂದು ಸೆಂಟಿಮೀಟರಿಗಿಂತ ಅಗಲವಾದ ನೇರಳೆ ಬಣ್ಣದ ಗೀರುಗಳಿವೆಯೇ ನೋಡಬೇಕು. ಸಣ್ಣ ತಾಗುವಿಕೆಗೂ ಚರ್ಮ ಕಂದುತ್ತದೆಯೇ ಕೇಳಬೇಕು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತವರು ಕೈ ಊರದೆ ಏಳಬಲ್ಲರೇ ಎಂದು ನೋಡುವುದು ನನಗೆ ಬಹಳ ಉಪಯುಕ್ತವೆನಿಸುವ ಪರೀಕ್ಷೆ. ತೊಡೆಯ ಸ್ನಾಯು ಕರಗಿದವರಿಗೆ ಅದು ಆಗದು.

ಗ್ರಂಥಿಯೇ ಹಾಳಾದರೆ ಬರುವುದು ಅಡಿಸನ್ ಕಾಯಿಲೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದಾಗ ಆತನ ರೋಗಿಗಳಲ್ಲಿ ಹಲವರಿಗೆ ಅಡ್ರಿನಲ್‌ನಲ್ಲಿ ಕ್ಷಯವಿತ್ತು. ಪಶ್ಚಿಮದ ದೇಶಗಳಲ್ಲಿ ಈಗ ದೇಹದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಮುಖ್ಯ ಕಾರಣ. ನಮ್ಮಲ್ಲಿ ಕ್ಷಯವನ್ನು ಇಂದಿಗೂ ಮರೆಯುವಂತಿಲ್ಲ. ತೂಕ ಇಳಿಯುತ್ತದೆ, ಆಯಾಸ ಬಿಡದು, ಉಪ್ಪಿನಕಾಯಿ, ಉಪ್ಪು ಬೇಕೆನಿಸುತ್ತಲೇ ಇರುತ್ತದೆ, ಚರ್ಮ ಕಪ್ಪಾಗುತ್ತದೆ. ಕಂದು ಮೈಬಣ್ಣದಲ್ಲಿ ಈ ಕಪ್ಪು ಸುಲಭಕ್ಕೆ ತಿಳಿಯದು. ಅಂಗೈ ಗೆರೆಗಳು, ಒಸಡು, ಕೆನ್ನೆಯ ಒಳಭಾಗ, ಹಳೆಯ ಗಾಯದ ಗುರುತು ಇಲ್ಲೆಲ್ಲ ಹುಡುಕಬೇಕು. ಹಳೆಯ ಫೋಟೊ ಜೊತೆ ಹೋಲಿಸಿ ನೋಡಬೇಕು. ಎಸಿಟಿಎಚ್ ಅತಿಯಾಗಿ ಏರುವುದರಿಂದ ಬರುವ ಬಣ್ಣ ಇದು. ಹಾಗಾಗಿ ಪುಡಿ ನಿಲ್ಲಿಸಿದ ನಮ್ಮ ರೋಗಿಯಲ್ಲಿ ಇದು ಕಾಣುವುದಿಲ್ಲ. ಅವರ ಎಸಿಟಿಎಚ್ ಇಳಿದಿದೆ. ಅಡಿಸನ್‌ನಲ್ಲಿ ರಕ್ತದ ಪೊಟ್ಯಾಸಿಯಂ ಏರುತ್ತದೆ. ಇವರ ಅಲ್ಡೋಸ್ಟಿರೋನ್ ಉಳಿದಿರುವುದರಿಂದ ಅದೂ ಸಾಮಾನ್ಯವಾಗಿಯೇ ಇರುತ್ತದೆ. ರಿಪೋರ್ಟು ಚೆನ್ನಾಗಿದೆಯೆಂದು ಕೈಬಿಟ್ಟರೆ ಅಪಾಯ.

ಕ್ಷಯದ ಚಿಕಿತ್ಸೆಯಲ್ಲೂ ಒಂದು ಬಲೆ ಇದೆ. ರಿಫಾಂಪಿಸಿನ್ ಕಾರ್ಟಿಸಾಲನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ. ಅಡ್ರಿನಲ್ ಅರ್ಧ ಹಾಳಾದವರು ಟಿಬಿ ಮಾತ್ರೆ ಶುರುಮಾಡಿದ ಕೆಲವೇ ವಾರಗಳಲ್ಲಿ ಕುಸಿಯಬಹುದು. ಈಗಾಗಲೇ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.

ನಮ್ಮ ರೋಗಿಗೆ ಮರಳೋಣ. ಅಡ್ರಿನಲ್ ಕ್ರೈಸಿಸ್ ಎಂಬ ಅನುಮಾನ ಬಂದೊಡನೆ, ಸಾಧ್ಯವಾದರೆ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ತೆಗೆದಿಟ್ಟು, ಫಲಿತಾಂಶಕ್ಕೆ ಕಾಯದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚಬೇಕು. ನರ ಸಿಗದಿದ್ದರೆ ಸ್ನಾಯುವಿಗಾದರೂ ಸರಿ. ಮೊದಲ ಗಂಟೆಯಲ್ಲಿ ಒಂದು ಲೀಟರ್ ನಾರ್ಮಲ್ ಸಲೈನ್ ಕೊಡುವುದು ವಾಡಿಕೆ. ಹೃದಯ, ಕಿಡ್ನಿ ದುರ್ಬಲವಾಗಿದ್ದರೆ ನೋಡಿಕೊಂಡು ಕಡಿಮೆ ಕೊಡಬೇಕು. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್. ಆಮೇಲಿನ 24 ಗಂಟೆಯಲ್ಲಿ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಹಂಚಿ ಹೋಗುತ್ತದೆ. ಅನುಮಾನ ತಪ್ಪಾಗಿದ್ದರೂ ಒಂದು ಡೋಸಿನಿಂದ ದೊಡ್ಡ ಹಾನಿಯಿಲ್ಲ, ತಡಮಾಡಿದರೆ ಜೀವ ಹೋಗಬಹುದು.

ಇನ್ನು ವಾರ್ಡಿನ ದಿನಗಳು. ಬಿಪಿಯನ್ನು ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದ ನಂತರ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20ರಷ್ಟು ಇಳಿದರೆ ವೈದ್ಯರಿಗೆ ತಿಳಿಸಬೇಕು. ನಿಲ್ಲಿಸುವಾಗ ಪಕ್ಕದಲ್ಲೇ ಇರಬೇಕು, ಬೀಳುವ ಸಂಭವ ಹೆಚ್ಚು, ಮೂಳೆಯೂ ಟೊಳ್ಳಾಗಿರುತ್ತದೆ. ಡ್ರಿಪ್ ಅಂಟಿಸಿದ ಪ್ಲಾಸ್ಟರನ್ನು ಸರಕ್ಕನೆ ಎಳೆದರೆ ಕಾಗದದಷ್ಟು ತೆಳುವಾದ ಚರ್ಮ ಜೊತೆಗೇ ಬರುತ್ತದೆ. ಒದ್ದೆ ಮಾಡಿ ನಿಧಾನಕ್ಕೆ ಬಿಡಿಸಬೇಕು. ಸ್ಟೀರಾಯ್ಡ್ ಸೋಂಕಿನ ಜ್ವರವನ್ನೂ ಊತವನ್ನೂ ಮುಚ್ಚಿಹಾಕುತ್ತದೆ. ಆದ್ದರಿಂದ ಸ್ವಲ್ಪ ಮೈಬೆಚ್ಚಗಿದ್ದರೂ, ಮಂಪರು ಕಂಡರೂ ಹಗುರಾಗಿ ಎಣಿಸಬಾರದು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಶಸ್ತ್ರಚಿಕಿತ್ಸೆಯ ಬೆಳಗು: ಏನೂ ಬಾಯಿಗೆ ಹಾಕಬಾರದೆಂಬ ಸೂಚನೆಯ ಜೊತೆ ಸ್ಟೀರಾಯ್ಡ್ ಮಾತ್ರೆಯೂ ತಪ್ಪಿಹೋಗುತ್ತದೆ. ಅಂದು ಚುಚ್ಚುಮದ್ದಿನ ರೂಪದಲ್ಲಿ, ಅದೂ ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕು.

ಚೇತರಿಸಿದ ಮೇಲೆ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಪಾಲು ಮಾಡಿ ಕೊಡುತ್ತಾರೆ. ದೊಡ್ಡ ಪಾಲು ಬೆಳಗ್ಗೆ ಎದ್ದೊಡನೆ, ಏಕೆಂದರೆ ದೇಹದ ಸ್ವಂತ ಕಾರ್ಟಿಸಾಲ್ ಏರುವುದೂ ಆಗಲೇ. ಸಂಜೆ ತಡವಾಗಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ. ಅಡಿಸನ್ ಇರುವವರಿಗೆ ಉಪ್ಪು ಹಿಡಿಯಲು ಫ್ಲೂಡ್ರೋಕಾರ್ಟಿಸೋನ್ ಮಾತ್ರೆಯೂ ಬೇಕು, ಅದೂ ಜೀವನಪೂರ್ತಿ. ನಮ್ಮ ರೋಗಿಗೆ ಅದರ ಅಗತ್ಯವಿಲ್ಲ. ಅವರ ಗ್ರಂಥಿ ತಾನಾಗಿ ಎಚ್ಚರವಾಗಬಹುದು, ಆದರೆ ತಿಂಗಳುಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ವೈದ್ಯರು ಆಗಾಗ ಬೆಳಗ್ಗೆ ಎಂಟರ ಸುಮಾರಿಗೆ, ಅಂದಿನ ಮಾತ್ರೆ ನುಂಗುವ ಮೊದಲು, ಕಾರ್ಟಿಸಾಲ್ ನೋಡಿ ಪ್ರಮಾಣ ಇಳಿಸುತ್ತಾ ಹೋಗುತ್ತಾರೆ.

ಮನೆಗೆ ಕಳಿಸುವಾಗ ಮಗಳಿಗೆ ಎರಡು ವಿಷಯ ಬರೆದುಕೊಟ್ಟು, ಅವಳ ಬಾಯಲ್ಲೇ ಮತ್ತೆ ಹೇಳಿಸಬೇಕು. ಜ್ವರ ಬಂದರೆ ಗುಣವಾಗುವವರೆಗೆ ಮಾತ್ರೆ ಎರಡು ಪಟ್ಟು. ಜ್ವರ ತೀರಾ ಹೆಚ್ಚಿದ್ದರೆ ವೈದ್ಯರು ಮೂರು ಪಟ್ಟು ಹೇಳಬಹುದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯದೆ ಚುಚ್ಚುಮದ್ದಿಗೆ ಆಸ್ಪತ್ರೆಗೆ ಬರಬೇಕು. ಜೊತೆಗೆ ‘ಈಕೆ ಸ್ಟೀರಾಯ್ಡ್ ಅವಲಂಬಿತರು, ತುರ್ತಿನಲ್ಲಿ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ’ ಎಂಬ ಚೀಟಿಯೊಂದು ಪರ್ಸಿನಲ್ಲಿ ಸದಾ ಇರಲಿ. ಹಲ್ಲು ಕೀಳಿಸಲು ಹೋದಾಗಲೂ ಅದನ್ನು ಮೊದಲು ತೋರಿಸಬೇಕು.