F12 ಎಷ್ಟು ಒತ್ತಿದರೂ ಬೂಟ್ ಮೆನು ಬರುತ್ತಿಲ್ಲವೇ? ತಪ್ಪು ನಿಮ್ಮ ಬೆರಳಿನದ್ದಲ್ಲ, ಸುಲಭ ದಾರಿ ಇಲ್ಲಿದೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್ ಅಥವಾ ಲಿನಕ್ಸ್ ಹಾಕಿಕೊಳ್ಳಲು ಹಲವರು ಪೆನ್‌ಡ್ರೈವ್ ಸಿದ್ಧಮಾಡಿಕೊಂಡು ಕೂರುತ್ತಾರೆ. ಆದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಪವರ್ ಬಟನ್ ಒತ್ತಿ, F12 ಅಥವಾ F2 ಕೀಯನ್ನು ಪಟಪಟನೆ ಬಡಿದರೂ ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೇ ಹೋಗಿಬಿಡುತ್ತದೆ. ಹೀಗೇಕಾಗುತ್ತದೆ? ಇದಕ್ಕೆ ಪರಿಹಾರವೇನು?

ಯಾವ ಕಂಪನಿಗೆ ಯಾವ ಕೀ?

ಬೂಟ್ ಮೆನು ಮತ್ತು ಸೆಟಪ್ ಎರಡೂ ಬೇರೆ ಬೇರೆ. ಈ ಒಂದು ಬಾರಿ ಪೆನ್‌ಡ್ರೈವ್‌ನಿಂದ ಶುರುವಾಗು ಎಂದು ಹೇಳಲು ಬೂಟ್ ಮೆನು ಸಾಕು. ಸೆಟ್ಟಿಂಗ್ ಬದಲಿಸಬೇಕೆಂದರೆ ಮಾತ್ರ ಸೆಟಪ್‌ಗೆ ಹೋಗಬೇಕು. ಇದನ್ನೇ ಜನ ಬಯಾಸ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೀಗಳು ಹೀಗಿವೆ:

- ಡೆಲ್: ಬೂಟ್ ಮೆನುಗೆ F12, ಸೆಟಪ್‌ಗೆ F2
- ಎಚ್‌ಪಿ: ಬೂಟ್ ಮೆನುಗೆ F9, ಸೆಟಪ್‌ಗೆ F10. ಮೊದಲು Esc ಒತ್ತಿದರೆ ಎರಡೂ ಇರುವ ಪಟ್ಟಿ ಬರುತ್ತದೆ
- ಲೆನೊವೊ: ಬೂಟ್ ಮೆನುಗೆ F12. ಸೆಟಪ್‌ಗೆ ಥಿಂಕ್‌ಪ್ಯಾಡ್‌ನಲ್ಲಿ F1, ಐಡಿಯಾಪ್ಯಾಡ್‌ನಲ್ಲಿ F2
- ಏಸಸ್ ಲ್ಯಾಪ್‌ಟಾಪ್: ಬೂಟ್ ಮೆನುಗೆ Esc, ಸೆಟಪ್‌ಗೆ F2
- ಏಸರ್: ಬೂಟ್ ಮೆನುಗೆ F12, ಸೆಟಪ್‌ಗೆ F2

ಏಸರ್‌ನ ಹಲವು ಮಾದರಿಗಳಲ್ಲಿ F12 ಮೊದಲಿನಿಂದಲೇ ಆಫ್ ಆಗಿರುತ್ತದೆ. ಸೆಟಪ್ ಒಳಗೆ ಹೋಗಿ F12 Boot Menu ಎಂಬುದನ್ನು ಆನ್ ಮಾಡುವವರೆಗೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಇನ್ನು, ಮೇಲಿನ ಸಾಲಿನ ಕೀಗಳು ಸೌಂಡ್, ಬ್ರೈಟ್‌ನೆಸ್ ಕೆಲಸಕ್ಕೆ ಮೀಸಲಾಗಿರುವ ಲ್ಯಾಪ್‌ಟಾಪ್‌ಗಳಲ್ಲಿ Fn ಕೀ ಜೊತೆಗೆ ಒತ್ತಿ ನೋಡಬೇಕಾಗಬಹುದು.

ಸರಿಯಾದ ಕೀ ಒತ್ತಿದರೂ ಕೆಲಸ ಮಾಡದಿರುವುದೇಕೆ?

ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್. ಅದು ಮೆಮೊರಿ, ಕೀಬೋರ್ಡ್, ಡಿಸ್ಕ್‌ಗಳನ್ನು ಪರಿಶೀಲಿಸಿ, ಬಳಿಕ ಕಂಪ್ಯೂಟರನ್ನು ವಿಂಡೋಸ್ ಕೈಗೆ ಒಪ್ಪಿಸುತ್ತದೆ. ಯಾರಾದರೂ ಕೀ ಒತ್ತಿದ್ದಾರೆಯೇ ಎಂದು ಅದು ನೋಡುವುದು ಈ ನಡುವಿನ ಚಿಕ್ಕ ಅವಧಿಯಲ್ಲಿ ಮಾತ್ರ. ಹಳೆಯ ಕಂಪ್ಯೂಟರ್‌ಗಳಲ್ಲಿ ಇದಕ್ಕೆ ಕೆಲವು ಸೆಕೆಂಡ್ ಸಿಗುತ್ತಿತ್ತು. ಈಗ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಇಳಿದಿದೆ.

ಈ ಸಮಸ್ಯೆಯನ್ನು ಮೈಕ್ರೋಸಾಫ್ಟ್ 2012ರಲ್ಲೇ ಒಪ್ಪಿಕೊಂಡಿತ್ತು. ವಿಂಡೋಸ್ 8 ಬರುವ ಹೊತ್ತಿಗೆ ಎಸ್‌ಎಸ್‌ಡಿ ಇರುವ ಕೆಲವು ಕಂಪ್ಯೂಟರ್‌ಗಳು 7 ಸೆಕೆಂಡ್‌ಗೂ ಮೊದಲೇ ಶುರುವಾಗುತ್ತಿದ್ದವು. ಕೀ ಒತ್ತಲು ಉಳಿಯುತ್ತಿದ್ದ ಅವಧಿ 200 ಮಿಲಿಸೆಕೆಂಡ್‌ಗಿಂತ ಕಡಿಮೆ. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. ಕಂಪನಿಯ ಪರೀಕ್ಷಕರಲ್ಲಿ ಅತಿ ವೇಗವಾಗಿ ಕೀ ಬಡಿಯಬಲ್ಲವರಿಗೂ ಸುಮಾರು 250 ಮಿಲಿಸೆಕೆಂಡ್‌ಗೆ ಒಮ್ಮೆಯಷ್ಟೇ ಒತ್ತಲು ಸಾಧ್ಯವಾಯಿತು. ಹೀಗಾಗಿ ಎರಡು ಒತ್ತುವಿಕೆಗಳ ನಡುವೆಯೇ ಅವಕಾಶ ತೆರೆದು ಮುಚ್ಚಿಕೊಂಡರೂ ಅಚ್ಚರಿಯಿಲ್ಲ!

ಮಾನಿಟರ್ ಕೂಡ ಮೋಸ ಮಾಡುತ್ತದೆ. ಎಚ್‌ಡಿಎಂಐ ಮೂಲಕ ಟಿವಿ ಅಥವಾ ಮಾನಿಟರ್ ಜೋಡಿಸಿದ್ದರೆ, ಅದರಲ್ಲಿ ಚಿತ್ರ ಮೂಡುವುದೇ ತಡವಾಗಿ. ಕಂಪನಿಯ ಲೋಗೋ ನೋಡಿ ಕೀ ಒತ್ತುವಷ್ಟರಲ್ಲಿ ಸಮಯ ಮೀರಿರುತ್ತದೆ.

ಫಾಸ್ಟ್ ಬೂಟ್, ಫಾಸ್ಟ್ ಸ್ಟಾರ್ಟಪ್ ಒಂದೇ ಅಲ್ಲ

ಈ ಎರಡು ಹೆಸರುಗಳನ್ನು ಬಹುತೇಕರು ಒಂದೇ ಎಂದುಕೊಳ್ಳುತ್ತಾರೆ. ಫಾಸ್ಟ್ ಬೂಟ್ ಎಂಬುದು ಫರ್ಮ್‌ವೇರ್‌ನ ಸೆಟ್ಟಿಂಗ್. ಇದು ಆನ್ ಇದ್ದರೆ ಫರ್ಮ್‌ವೇರ್ ತನ್ನ ಕೆಲವು ಪರಿಶೀಲನೆಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಯುಎಸ್‌ಬಿ ಕೀಬೋರ್ಡನ್ನೂ ಗಮನಿಸುವುದಿಲ್ಲ. ಆಗ ವಿಂಡೋಸ್ ಬರುವವರೆಗೂ ಕೀಬೋರ್ಡ್ ಇಲ್ಲದಂತೆಯೇ ಲೆಕ್ಕ. ಯಾವ ಕೀ ಒತ್ತಿದರೂ ಕೇಳುವವರಿಲ್ಲ.

ಫಾಸ್ಟ್ ಸ್ಟಾರ್ಟಪ್ ವಿಂಡೋಸ್‌ನದ್ದು. ಇದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಬಾರಿ ಅಲ್ಲಿಂದಲೇ ಮುಂದುವರಿಯುತ್ತದೆ. ಇಂತಹ ಅರೆಬರೆ ಸ್ಥಿತಿಯಲ್ಲಿ ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ ವಿಂಡೋಸ್ ಡ್ರೈವ್‌ನಲ್ಲಿ ಏನಾದರೂ ಬರೆದರೆ ಫೈಲ್‌ಗಳು ಹಾಳಾಗುವ ಅಪಾಯವಿದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ವಿಂಡೋಸ್ ಪೂರ್ತಿ ಮುಚ್ಚಿ ಹೊಸದಾಗಿ ಶುರುವಾಗುತ್ತದೆ. ಇದನ್ನು ನೆನಪಿಡಿ.

ಕೀ ಬಡಿಯದೇ ಒಳಹೋಗುವುದು ಹೇಗೆ?

ಹೊಸ ಕಂಪ್ಯೂಟರ್‌ಗಳಲ್ಲಿ ವಿಂಡೋಸ್‌ನಿಂದಲೇ ಫರ್ಮ್‌ವೇರ್‌ಗೆ ಒಂದು ಸಂದೇಶ ಬಿಟ್ಟುಹೋಗಬಹುದು. ಮುಂದಿನ ಬಾರಿ ಶುರುವಾದಾಗ ಫರ್ಮ್‌ವೇರ್ ಆ ಚೀಟಿ ಓದಿ ತಾನೇ ನಿಲ್ಲುತ್ತದೆ. ಸಮಯ ಹಿಡಿಯುವ ಸರ್ಕಸ್ಸೇ ಬೇಕಿಲ್ಲ.

ವಿಂಡೋಸ್ 10 ಇರುವ ಒಂದು ಎಚ್‌ಪಿ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಬೇಕಿದೆ ಎಂದುಕೊಳ್ಳಿ. ಹೀಗೆ ಮಾಡಿ:

1. ಲ್ಯಾಪ್‌ಟಾಪ್ ಆನ್ ಇರುವಾಗಲೇ ಪೆನ್‌ಡ್ರೈವ್ ಹಾಕಿ.
2. Shift ಕೀಯನ್ನು ಒತ್ತಿ ಹಿಡಿದುಕೊಂಡೇ, ಸ್ಟಾರ್ಟ್ ಮೆನುವಿನಲ್ಲಿ Restart ಕ್ಲಿಕ್ ಮಾಡಿ.
3. ನೀಲಿ ಪರದೆ ಬಂದಾಗ Use a device ಆಯ್ಕೆಮಾಡಿ, ಅದರಲ್ಲಿ ಪೆನ್‌ಡ್ರೈವ್ ಹೆಸರನ್ನು ಆರಿಸಿ.
4. ಸೆಟಪ್‌ಗೆ ಹೋಗಬೇಕಿದ್ದರೆ Troubleshoot, Advanced options, UEFI Firmware Settings ಆರಿಸಿ, ಕೊನೆಗೆ Restart ಒತ್ತಿ.

ಸೆಟಪ್‌ಗೆ ನೇರವಾಗಿ ಹೋಗಲು ಇನ್ನೊಂದು ದಾರಿಯೂ ಇದೆ. ಕಮಾಂಡ್ ಪ್ರಾಂಪ್ಟನ್ನು Run as administrator ಮೂಲಕ ತೆರೆದು ಇದನ್ನು ಟೈಪ್ ಮಾಡಿ. ಕೂಡಲೇ ರೀಸ್ಟಾರ್ಟ್ ಆಗುವುದರಿಂದ ತೆರೆದಿರುವ ಫೈಲ್‌ಗಳನ್ನು ಮೊದಲೇ ಸೇವ್ ಮಾಡಿಕೊಳ್ಳಿ.

```
shutdown /r /fw /t 0
```

ಆ ಆಯ್ಕೆಯೇ ಕಾಣಿಸದಿದ್ದರೆ?

ಸ್ಟಾರ್ಟ್ ಮೆನುವಿನಲ್ಲಿ `msinfo32` ಎಂದು ಹುಡುಕಿ ತೆರೆಯಿರಿ. BIOS Mode ಎದುರು UEFI ಎಂದಿದ್ದರೆ ಈ ದಾರಿ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. Legacy ಎಂದಿದ್ದರೆ UEFI Firmware Settings ಆಯ್ಕೆ ಇರುವುದಿಲ್ಲ, ಕೀಗಳೇ ಗತಿ. ಆಗ ರೀಸ್ಟಾರ್ಟ್ ಕೊಟ್ಟು, ಪರದೆ ಕಪ್ಪಾದ ಕ್ಷಣದಿಂದಲೇ ಕೀಯನ್ನು ಬಿಟ್ಟು ಬಿಟ್ಟು ಒತ್ತಿ. ಲೋಗೋಗಾಗಿ ಕಾಯಬೇಡಿ. ಒತ್ತಿ ಹಿಡಿದುಕೊಳ್ಳುವುದೂ ಬೇಡ, ಕೀ ಸಿಕ್ಕಿಕೊಂಡಿದೆ ಎಂದು ಕೆಲವು ಕಂಪ್ಯೂಟರ್‌ಗಳು ದೋಷ ತೋರಿಸುತ್ತವೆ.

UEFI ಇದ್ದರೂ ಪಟ್ಟಿಯಲ್ಲಿ ಪೆನ್‌ಡ್ರೈವ್ ಇಲ್ಲವೆಂದರೆ, ಅದನ್ನು ಯುಇಎಫ್‌ಐಗೆ ತಕ್ಕಂತೆ ಸಿದ್ಧಪಡಿಸಿಲ್ಲ ಅಥವಾ ಸೆಟಪ್‌ನಲ್ಲಿ ಯುಎಸ್‌ಬಿ ಬೂಟ್ ಆಫ್ ಆಗಿದೆ ಎಂದಿರಬಹುದು.

ವಿಂಡೋಸ್ ತೆರೆಯುತ್ತಲೇ ಇಲ್ಲವೇ? ಲೆನೊವೊ ಐಡಿಯಾಪ್ಯಾಡ್‌ನ ಹಲವು ಮಾದರಿಗಳಲ್ಲಿ ನೋವೊ ಎಂಬ ಪುಟ್ಟ ಬಟನ್ ಅಥವಾ ಸೂಜಿರಂಧ್ರ ಇರುತ್ತದೆ. ಲ್ಯಾಪ್‌ಟಾಪ್ ಆಫ್ ಇರುವಾಗ ಅದನ್ನು ಒತ್ತಿದರೆ ಮೆನು ತಾನಾಗಿಯೇ ಬರುತ್ತದೆ. ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸತತವಾಗಿ ಎರಡು ಮೂರು ಬಾರಿ ಶುರುವಾಗಲು ವಿಫಲವಾದರೆ, ರಿಪೇರಿ ಮಾಡುವ ಅದೇ ನೀಲಿ ಪರದೆ ಸಾಮಾನ್ಯವಾಗಿ ತಾನೇ ತೆರೆದುಕೊಳ್ಳುತ್ತದೆ.

ಇದನ್ನು ಮರೆಯಬೇಡಿ

ಸೆಟಪ್‌ನಲ್ಲಿ ಏನನ್ನಾದರೂ ಬದಲಿಸುವ ಮೊದಲು ಬಿಟ್‌ಲಾಕರ್ ಆನ್ ಇದೆಯೇ ಎಂದು ನೋಡಿಕೊಳ್ಳಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರಿಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಸೆಕ್ಯೂರ್ ಬೂಟ್‌ನಂತಹ ಸೆಟ್ಟಿಂಗ್ ಬದಲಾದರೆ ಮುಂದಿನ ಬಾರಿ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ಒಳಗಿನ ಫೋಟೋ, ದಾಖಲೆಗಳು ಕೈಗೆ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರ ಕೀ ಸಾಮಾನ್ಯವಾಗಿ `aka.ms/myrecoverykey` ಪುಟದಲ್ಲಿರುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡ ನಂತರವೇ ರೀಸ್ಟಾರ್ಟ್ ಒತ್ತಿ.