ಸಿಂಗಪುರದ ಗಡಿಯಾರ, ಬೆಂಗಳೂರಿನ ಬಿಲ್ಲು

ಐದು ದಿನದ ಸಿಂಗಪುರ ಪ್ರವಾಸ ಮುಗಿಸಿ ಬಂದವರ ಕೈಗೆ ತಿಂಗಳ ಕೊನೆಗೆ ಪೋಸ್ಟ್‌ಪೇಯ್ಡ್ ಬಿಲ್ಲು ಬರುತ್ತದೆ. ರೋಮಿಂಗ್ ಪ್ಯಾಕ್ ಹಾಕಿಸಿಕೊಂಡೇ ಹೋಗಿದ್ದರೂ ಅದರ ಮೇಲೆ ಏಳು ಸಾವಿರ ರೂಪಾಯಿ! ಇಂಥ ಹೊತ್ತಲ್ಲಿ ಬಹುತೇಕರು ಬರೆಯುವ ಪತ್ರ ಒಂದೇ ಸಾಲಿನದು: ‘ನಾನು ಇಷ್ಟು ಬಳಸಿಲ್ಲ, ದಯವಿಟ್ಟು ಮನ್ನಾ ಮಾಡಿ.’ ಕಂಪನಿಯ ಉತ್ತರವೂ ಒಂದೇ ಸಾಲಿನದು: ‘ಪರಿಶೀಲಿಸಿದ್ದೇವೆ, ಬಿಲ್ಲು ಸರಿಯಾಗಿದೆ.’ ಅಲ್ಲಿಗೆ ಮಾತು ಮುಗಿಯುತ್ತದೆ, ಏಕೆಂದರೆ ಪತ್ರದಲ್ಲಿ ಪರಿಶೀಲಿಸುವಂಥದ್ದು ಏನೂ ಇರುವುದಿಲ್ಲ.

ಮೊದಲು ಕೇಳಬೇಕಾದದ್ದು ವಿವರವಾದ ಬಿಲ್ಲು. ವಿದೇಶದಲ್ಲಿ ನಾವು ಬಳಸುವ ಡೇಟಾವನ್ನು ಅಳೆಯುವುದು ಅಲ್ಲಿನ ನೆಟ್‌ವರ್ಕ್. ಅದು ಬಳಕೆಯ ದಾಖಲೆಗಳನ್ನು ‘ಟ್ಯಾಪ್’ ಎಂಬ ಕಡತದಲ್ಲಿ ತುಂಬಿ ನಮ್ಮ ಕಂಪನಿಗೆ ಕಳಿಸುತ್ತದೆ. ಕೆಲವೊಮ್ಮೆ ಈ ಕಡತ ತಡವಾಗಿ ಬಂದು, ಶುಲ್ಕ ಮುಂದಿನ ತಿಂಗಳ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇನ್ನೊಂದು ಸೂಕ್ಷ್ಮವಿದೆ. ಈ ದಾಖಲೆಯಲ್ಲಿರುವ ವೇಳೆ ಅಲ್ಲಿನ ಸ್ಥಳೀಯ ವೇಳೆ. ಅದು ಜಾಗತಿಕ ವೇಳೆಗಿಂತ ಎಷ್ಟು ಮುಂದಿದೆ ಎಂಬ ಅಂಕಿಯೂ ಜೊತೆಗಿರುತ್ತದೆ: ಸಿಂಗಪುರಕ್ಕೆ +0800, ಭಾರತಕ್ಕೆ +0530. ಪ್ಯಾಕ್ ಶುರುವಾದ ಮತ್ತು ಮುಗಿದ ವೇಳೆಯನ್ನು ಮಾತ್ರ ಕಂಪನಿ ಭಾರತೀಯ ವೇಳೆಯಲ್ಲಿ ಇಟ್ಟುಕೊಂಡಿರಬಹುದು. ಎರಡೂವರೆ ಗಂಟೆಯ ಈ ಅಂತರದಲ್ಲಿ ಎಡವಟ್ಟಾಗುವ ಬಗೆಯನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ಪ್ಯಾಕ್ ಶುರುವಾದದ್ದು ಮಾರ್ಚ್ 3ರ ಬೆಳಿಗ್ಗೆ 6.10, ಭಾರತೀಯ ವೇಳೆ. ಐದು ದಿನದ ಪ್ಯಾಕ್ ಆದ್ದರಿಂದ ಮುಗಿಯುವುದು 8ರ ಬೆಳಿಗ್ಗೆ 6.10ಕ್ಕೆ. ಬಿಲ್ಲಿನಲ್ಲಿ 8ನೇ ತಾರೀಕಿನ ಎರಡು ಸಾಲುಗಳಿವೆ. 7.55ಕ್ಕೆ 52 ಎಂಬಿ, 9.05ಕ್ಕೆ 6 ಎಂಬಿ. ಪ್ಯಾಕ್ ಇಲ್ಲದಾಗ 10 ಕೆಬಿಗೆ ಒಂದು ರೂಪಾಯಿ ದರ ಎಂದಿಟ್ಟುಕೊಂಡರೆ ಮೊದಲ ಸಾಲಿಗೆ ₹5,325, ಎರಡನೆಯದಕ್ಕೆ ₹615. ಶೇ 18 ಜಿಎಸ್‌ಟಿ ಸೇರಿಸಿದರೆ ಒಟ್ಟು ₹7,009. ಎರಡೂ 6.10ರ ನಂತರದವು, ಆದ್ದರಿಂದ ಪ್ಯಾಕ್‌ನ ಹೊರಗಿನವು ಎಂದು ಕಂಪನಿಯ ವಾದ. ಆದರೆ ಸಿಂಗಪುರದ 7.55 ಎಂದರೆ ನಮ್ಮ 5.25. ಪ್ಯಾಕ್ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಬಾಕಿ ಇತ್ತು. ಅಲ್ಲಿನ 9.05 ನಮ್ಮ 6.35. ಅದು ನಿಜಕ್ಕೂ ಗ್ರಾಹಕರ ತಲೆಗೇ ಬರುವ ಶುಲ್ಕ.

ಪತ್ರದಲ್ಲಿ ಇದನ್ನೂ ಒಪ್ಪಿಕೊಳ್ಳಬೇಕು. ಇಡೀ ಬಿಲ್ಲೇ ಸುಳ್ಳು ಎನ್ನುವವರಿಗಿಂತ, ಇದು ನನ್ನದು, ಅದು ನನ್ನದಲ್ಲ ಎಂದು ಬಿಡಿಸಿ ಹೇಳುವವರ ಮಾತಿಗೆ ತೂಕ ಹೆಚ್ಚು. ಪತ್ರ ಹೀಗಿದ್ದರೆ ಸಾಕು:

‘ಮಾರ್ಚ್ ಬಿಲ್ಲಿನ ರೋಮಿಂಗ್ ವಿವರದಲ್ಲಿ 8ರ 7.55ರ ಸಾಲಿಗೆ ಹಾಕಿರುವ ₹5,325 ಮತ್ತು ಅದರ ಜಿಎಸ್‌ಟಿಗೆ ನನ್ನ ತಕರಾರಿದೆ. ಅದು ಸಿಂಗಪುರದ ವೇಳೆ. ಭಾರತೀಯ ವೇಳೆ 5.25. ಆಗ ನನ್ನ ಪ್ಯಾಕ್ ಚಾಲ್ತಿಯಲ್ಲಿದ್ದು, ಅದರ ಡೇಟಾ ಮಿತಿಯೂ ಮುಗಿದಿರಲಿಲ್ಲ. ಈ ದಾಖಲೆಯ ಮೂಲ ವೇಳೆ ಮತ್ತು ಅದರೊಂದಿಗಿನ ಕಾಲವ್ಯತ್ಯಾಸದ ಅಂಕಿಯನ್ನು ಲಿಖಿತವಾಗಿ ತಿಳಿಸಿ. 9.05ರ ಸಾಲನ್ನು ಒಪ್ಪಿದ್ದೇನೆ. ಅದನ್ನೂ ತಿಂಗಳ ಬಾಡಿಗೆಯನ್ನೂ ಕಟ್ಟಿದ್ದೇನೆ. ತೀರ್ಮಾನವಾಗುವವರೆಗೆ ಉಳಿದ ಮೊತ್ತಕ್ಕೆ ವಿಳಂಬ ಶುಲ್ಕ ಹಾಕಬೇಡಿ, ಸೇವೆ ನಿಲ್ಲಿಸಬೇಡಿ.’

ಜೊತೆಗೆ ಪ್ಯಾಕ್ ಶುರುವಾದ ಸಂದೇಶದ ಚಿತ್ರ ಮತ್ತು ಬೋರ್ಡಿಂಗ್ ಪಾಸ್ ಲಗತ್ತಿಸಬೇಕು. ಪಾಸ್‌ಪೋರ್ಟಿನಲ್ಲಿ ಮುದ್ರೆ ಹುಡುಕಿ ಪ್ರಯೋಜನವಿಲ್ಲ. ಸಿಂಗಪುರ ಈಗ ಪ್ರವಾಸಿಗಳ ಪ್ರವೇಶಕ್ಕೆ ಮುದ್ರೆಯ ಬದಲು ಇಮೇಲ್ ಪಾಸ್ ಕೊಡುತ್ತದೆ. ಸಂದೇಶದ ಮೇಲಿನ ವೇಳೆಯನ್ನೂ ಸುಮ್ಮನೆ ನಂಬಬಾರದು. ಊರಿಗೆ ಬಂದ ಮೇಲೆ ಫೋನು ಹಳೆಯ ಸಂದೇಶಗಳನ್ನೂ ಇಲ್ಲಿನ ವೇಳೆಗೆ ಬದಲಿಸಿ ತೋರಿಸುತ್ತದೆ. ಸಂದೇಶದ ಒಳಗೇ ವೇಳೆ ಬರೆದಿದ್ದರೆ ಅದೇ ಗಟ್ಟಿ ಸಾಕ್ಷಿ.

ಪತ್ರಕ್ಕಿಂತ ಮುಂಚೆ ಬ್ಯಾಂಕಿನ ಕಡೆ ಒಂದು ಕಣ್ಣು ಹಾಯಿಸುವುದು ಒಳ್ಳೆಯದು. ಬಿಲ್ಲಿಗೆ ಆಟೋ ಪೇ ಇದ್ದರೆ ₹15,000ದವರೆಗಿನ ಮೊತ್ತ ಒಟಿಪಿ ಕೇಳದೆಯೇ ಕಡಿತವಾಗಬಹುದು. ಹಿಂದಿನ ದಿನವೇ ಬರುವ ಮುನ್ಸೂಚನೆಯಲ್ಲಿ ಆ ಕಡಿತವನ್ನು ತಡೆಯುವ ಅವಕಾಶವಿರುತ್ತದೆ. ಹಣ ಒಮ್ಮೆ ಹೋದ ಮೇಲೆ ವಾಪಸು ಪಡೆಯುವ ಜಗ್ಗಾಟವೇ ಬೇರೆ.

ಎಲ್ಲ ತಕರಾರೂ ಹೀಗೆ ವೇಳೆಯದ್ದಾಗಿರುವುದಿಲ್ಲ. ಬಿಲ್ಲಿನ ಸಾಲಿನಲ್ಲಿ ದೇಶದ ನೆಟ್‌ವರ್ಕ್ ಬದಲು ವಿಮಾನದ ಅಥವಾ ಹಡಗಿನ ನೆಟ್‌ವರ್ಕ್ ಹೆಸರಿದ್ದರೆ ಸಾಮಾನ್ಯ ದೇಶ ಪ್ಯಾಕ್ ಅಲ್ಲಿ ನಡೆಯುವುದಿಲ್ಲ. ಆಗ ಗೆಲ್ಲುವ ಸಾಧ್ಯತೆಯೂ ಕಡಿಮೆ.

ದೂರು ಕೊಟ್ಟಾಗ ಡಾಕೆಟ್ ಸಂಖ್ಯೆ ಪಡೆಯಲೇಬೇಕು. ಟ್ರಾಯ್‌ನ 2012ರ ನಿಯಮಗಳ ಪ್ರಕಾರ, ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಅದು 39 ದಿನದೊಳಗೆ ತೀರ್ಮಾನ ಹೇಳಬೇಕು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಕಾಂ ಜಗಳಗಳು ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಕಂಪನಿಗೆ ಬರೆದ ಪತ್ರ, ಡಾಕೆಟ್ ಸಂಖ್ಯೆ, ವೇಳೆಯ ಲೆಕ್ಕ, ಈ ಮೂರನ್ನೇ ಅಲ್ಲಿಗೂ ಒಯ್ಯಬೇಕು.